ಚಿಪ್ ಸಿಕ್ಕವರಿಗೆ ಎಐ

ಮೆಟಾ ಕಂಪನಿ 2024ರ ಜುಲೈನಲ್ಲಿ ಲಾಮಾ 3.1 ಎಂಬ ಭಾಷಾ ಮಾದರಿಯನ್ನು ಬಿಡುಗಡೆ ಮಾಡಿದಾಗ, ಅದನ್ನು ತಯಾರಿಸಿದ ಬಗೆಯನ್ನೂ ಸಾಕಷ್ಟು ವಿವರವಾಗಿ ಪ್ರಕಟಿಸಿತು. ಎಐ ಕಂಪನಿಗಳು ತಮ್ಮ ಅಡುಗೆಮನೆಯ ಲೆಕ್ಕವನ್ನು ಹೀಗೆ ಹೊರಗಿಡುವುದು ಅಪರೂಪ. ಆ ಲೆಕ್ಕವನ್ನು ಹಿಡಿದು ನೋಡಿದರೆ, ಮುಂಚೂಣಿಯ ಎಐ ಮಾದರಿಯನ್ನು ಕಟ್ಟಲು ಕೆಲವೇ ದೇಶಗಳಿಗೆ, ಆ ದೇಶಗಳಲ್ಲೂ ಕೆಲವೇ ಕಂಪನಿಗಳಿಗೆ ಏಕೆ ಸಾಧ್ಯವಾಗುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಲಾಮಾ 3.1ರ ದೊಡ್ಡ ಆವೃತ್ತಿಯಲ್ಲಿ 40,500 ಕೋಟಿ ನಿಯತಾಂಕಗಳಿವೆ. ನಿಯತಾಂಕವೆಂದರೆ ತರಬೇತಿಯ ಹೊತ್ತಿನಲ್ಲಿ ಮಾದರಿ ತಾನೇ ತಿದ್ದಿಕೊಳ್ಳುತ್ತ ಹೋಗುವ ಒಂದು ಸಂಖ್ಯೆ. ಇಂಥ ಸಂಖ್ಯೆಗಳನ್ನು ತಿದ್ದಲು ಮೆಟಾ ಅದಕ್ಕೆ ಉಣಿಸಿದ ಪಠ್ಯ 15.6 ಲಕ್ಷ ಕೋಟಿ ಟೋಕನ್. ಪದ ಅಥವಾ ಪದದ ತುಣುಕನ್ನು ಟೋಕನ್ ಎನ್ನುತ್ತಾರೆ. ಒಂದು ಟೋಕನ್ ಓದಿದಾಗ ಪ್ರತಿ ನಿಯತಾಂಕಕ್ಕೂ ಹೆಚ್ಚುಕಡಿಮೆ ಆರು ಗಣಿತ ಕ್ರಿಯೆಗಳು ನಡೆಯಬೇಕು. ಮುಂದಿನ ಪದವನ್ನು ಊಹಿಸಲು ಎರಡು, ಊಹೆ ತಪ್ಪಿದಾಗ ತಪ್ಪನ್ನು ಹಿಂದಕ್ಕೆ ಒಯ್ದು ತಿದ್ದಲು ನಾಲ್ಕು. ಮೂರನ್ನೂ ಗುಣಿಸಿದರೆ ಸಿಗುವುದು 38ರ ಮುಂದೆ 24 ಸೊನ್ನೆ ಬರೆದಷ್ಟು ಗುಣಾಕಾರ ಮತ್ತು ಸಂಕಲನ.

ಈ ಕೆಲಸಕ್ಕೆ ಮೆಟಾ ಬಳಸಿದ್ದು ಎನ್ವಿಡಿಯಾದ ಎಚ್‌100 ಚಿಪ್. ಪ್ರಾಯೋಗಿಕವಾಗಿ ಅದು ಸೆಕೆಂಡಿಗೆ ಸುಮಾರು 400 ಲಕ್ಷ ಕೋಟಿ ಕ್ರಿಯೆಗಳನ್ನು ಮಾಡಿತು. ಅಷ್ಟು ವೇಗದ ಚಿಪ್ ಒಂದೇ ಇದ್ದಿದ್ದರೆ ಲೆಕ್ಕ ಮುಗಿಯಲು 3,000 ವರ್ಷ ಬೇಕಾಗುತ್ತಿತ್ತು. ಮೆಟಾ 16,384 ಚಿಪ್‌ಗಳನ್ನು ಒಟ್ಟಿಗೆ ಹೂಡಿತು. ಆಗ 3,000 ವರ್ಷದ ಕೆಲಸ ಎರಡು ತಿಂಗಳ ಚಿಲ್ಲರೆಗೆ ಇಳಿಯಿತು. ಒಂದು ಎಚ್‌100ಕ್ಕೆ 25,000 ಡಾಲರ್ ಎಂದು ಹಿಡಿದರೂ ಚಿಪ್‌ಗಳ ಬೆಲೆಯೇ 40 ಕೋಟಿ ಡಾಲರ್ ದಾಟುತ್ತದೆ. ಕಟ್ಟಡ, ತಂಪು ಮಾಡುವ ವ್ಯವಸ್ಥೆ, ಸಂಪರ್ಕ ಜಾಲ ಮತ್ತು ವಿದ್ಯುತ್ತಿನ ಖರ್ಚು ಬೇರೆ.

ಹಣ ಮಾತ್ರ ತೊಡಕಾಗಿದ್ದರೆ ಹಲವು ಸರ್ಕಾರಗಳು ಈ ಮೊತ್ತವನ್ನು ಹೊಂದಿಸಿಬಿಡುತ್ತಿದ್ದವು. ಒಂದು ದೊಡ್ಡ ಮೇಲ್ಸೇತುವೆ ಯೋಜನೆಗೆ ಇದಕ್ಕಿಂತ ಹೆಚ್ಚು ಸುರಿಯುವ ನಗರಗಳಿವೆ. ತೊಡಕಿರುವುದು ಹಣ ಕೊಟ್ಟರೂ ಚಿಪ್ ಸಿಗದಿರುವಲ್ಲಿ.

ಬೇರೆ ಚಿಪ್ ಯಾಕಾಗದು

ಕಂಪ್ಯೂಟರಿನ ಸಾಮಾನ್ಯ ಪ್ರೊಸೆಸರ್ ಯಾವ ಕೆಲಸ ಬಂದರೂ ನಿಭಾಯಿಸುವಂತೆ ರಚಿತವಾಗಿದೆ. ಕೆಲವೇ ಗಣನಾ ಘಟಕಗಳು, ಒಂದೊಂದೂ ಬಹಳ ಚುರುಕು, ಒಂದರ ನಂತರ ಒಂದು ಆದೇಶವನ್ನು ಪಾಲಿಸುತ್ತವೆ. ಭಾಷಾ ಮಾದರಿಗೆ ಆ ಜಾಣತನ ಅಷ್ಟಾಗಿ ಬೇಕಿಲ್ಲ. ಅದರ ಕೆಲಸವೆಲ್ಲ ಸಂಖ್ಯೆಗಳ ದೊಡ್ಡ ಕೋಷ್ಟಕಗಳನ್ನು, ಅಂದರೆ ಮಾತೃಕೆಗಳನ್ನು, ಒಂದಕ್ಕೊಂದು ಗುಣಿಸುವುದು. ಒಂದು ಸಾಲಿನ ಗುಣಾಕಾರ ಇನ್ನೊಂದು ಸಾಲಿಗಾಗಿ ಕಾಯಬೇಕಿಲ್ಲವಾದ್ದರಿಂದ ಸಾವಿರಾರು ಗುಣಾಕಾರಗಳನ್ನು ಏಕಕಾಲದಲ್ಲಿ ನಡೆಸಬಹುದು. ವಿಡಿಯೊ ಗೇಮ್‌ಗಳ ಚಿತ್ರ ಬಿಡಿಸಲು ಹುಟ್ಟಿದ ಜಿಪಿಯು ಚಿಪ್‌ಗಳು ಮೊದಲಿನಿಂದಲೂ ಮಾಡುತ್ತಿದ್ದುದು ಇದನ್ನೇ. 2012ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ಅಲೆಕ್ಸ್ ಕ್ರಿಜೆವ್‌ಸ್ಕಿ, ಇಲ್ಯಾ ಸುಟ್ಸ್‌ಕೆವರ್ ಮತ್ತು ಜೆಫ್ರಿ ಹಿಂಟನ್ ಚಿತ್ರಗಳನ್ನು ಗುರುತಿಸುವ ಸ್ಪರ್ಧೆಯಲ್ಲಿ ಎಲ್ಲರನ್ನೂ ಹಿಂದಿಕ್ಕಿದ್ದು ಅಂಗಡಿಯಲ್ಲಿ ಸಿಗುತ್ತಿದ್ದ ಎರಡು ಗೇಮಿಂಗ್ ಕಾರ್ಡ್‌ಗಳ ಬಲದಿಂದ. ತರಬೇತಿಗೆ ಹಿಡಿದದ್ದು ಐದಾರು ದಿನ. ಎರಡು ಕಾರ್ಡಿನಿಂದ 16,384 ಚಿಪ್‌ಗಳವರೆಗಿನ ದಾರಿ ಹನ್ನೆರಡೇ ವರ್ಷದ್ದು.

ಆ ಅವಧಿಯಲ್ಲಿ ಎನ್ವಿಡಿಯಾ ತನ್ನ ಚಿಪ್‌ಗಳಲ್ಲಿ ಮಾತೃಕೆಗಳ ಗುಣಾಕಾರಕ್ಕೆಂದೇ ಪ್ರತ್ಯೇಕ ಘಟಕಗಳನ್ನು ಕೂರಿಸಿತು, ನಿಖರತೆಯನ್ನು ಒಂದಿಷ್ಟು ಬಿಟ್ಟುಕೊಟ್ಟು ವೇಗ ಗಳಿಸಿತು. ಅದಕ್ಕೂ ಮೊದಲೇ, 2006ರಲ್ಲಿ, ಕುಡಾ ಎಂಬ ಸಾಫ್ಟ್‌ವೇರ್ ತಳಹದಿಯನ್ನು ಪ್ರಕಟಿಸಿತ್ತು. ಎಐ ಸಂಶೋಧಕರು ವರ್ಷಗಟ್ಟಲೆ ಬರೆದ ಪ್ರೋಗ್ರಾಂಗಳು ಅದರ ಮೇಲೆ ನಿಂತಿವೆ. ಬೇರೆ ಚಿಪ್ ಕೊಳ್ಳುವವರು ಆ ಕೋಡನ್ನು ಹೊಸ ಚಿಪ್‌ಗೆ ಒಗ್ಗಿಸುವ, ದೋಷ ಹುಡುಕುವ ಶ್ರಮವನ್ನೂ ಜೊತೆಗೆ ಕೊಂಡಂತೆ.

ಎಚ್‌100ರ ಸಿಲಿಕಾನ್ ತುಂಡಿನ ವಿಸ್ತೀರ್ಣ 814 ಚದರ ಮಿಲಿಮೀಟರ್. ಅಂಚೆ ಚೀಟಿಗಿಂತ ತುಸು ದೊಡ್ಡದಾದ ಆ ಜಾಗದಲ್ಲಿ 8,000 ಕೋಟಿ ಟ್ರಾನ್ಸಿಸ್ಟರ್‌ಗಳಿವೆ. ಇದನ್ನು ರಚಿಸಿದ ಎನ್ವಿಡಿಯಾಕ್ಕೆ ಚಿಪ್ ತಯಾರಿಸುವ ಒಂದೇ ಒಂದು ಕಾರ್ಖಾನೆಯೂ ಇಲ್ಲ. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದ ಕೇಂದ್ರ ಕಚೇರಿಯಿಂದ ಹೊರಡುವುದು ನಕ್ಷೆ ಮಾತ್ರ. ಆ ನಕ್ಷೆ ವಸ್ತುವಾಗಬೇಕಾದರೆ ಮೂರು ಇಕ್ಕಟ್ಟಾದ ಬಾಗಿಲುಗಳನ್ನು ದಾಟಬೇಕು. ಮುಂಚೂಣಿಯ ಎಐ ಯಾರ ಕೈಗೆ ಎಟಕುತ್ತದೆ ಎಂಬುದನ್ನು ತೀರ್ಮಾನಿಸುತ್ತಿರುವುದು ಈ ಬಾಗಿಲುಗಳೇ.

ಮೊದಲ ಬಾಗಿಲು: ಅಚ್ಚು

ಎಚ್‌100 ರೂಪುಗೊಳ್ಳುವುದು ತೈವಾನಿನ ಟಿಎಸ್‌ಎಂಸಿ ಕಾರ್ಖಾನೆಯಲ್ಲಿ. 300 ಮಿಲಿಮೀಟರ್ ವ್ಯಾಸದ ಸಿಲಿಕಾನ್ ತಟ್ಟೆಯ ಮೇಲೆ, ಅಂದರೆ ವೇಫರ್ ಮೇಲೆ, ಪದರದ ಮೇಲೆ ಪದರವಾಗಿ ವಿನ್ಯಾಸವನ್ನು ಬೆಳಕಿನಿಂದ ಅಚ್ಚೊತ್ತಿ, ಕೊರೆದು, ಲೋಹ ತುಂಬುತ್ತಾರೆ. ಸಾವಿರಕ್ಕೂ ಹೆಚ್ಚು ಹಂತಗಳಿರುವ ಈ ಕೆಲಸಕ್ಕೆ ತಿಂಗಳುಗಳೇ ಹಿಡಿಯುತ್ತವೆ. ತೀರ ಸೂಕ್ಷ್ಮ ಪದರಗಳಿಗೆ ಬೇಕಾದ ಬೆಳಕಿನ ತರಂಗಾಂತರ 13.5 ನ್ಯಾನೊಮೀಟರ್. ಅತಿ ನೇರಳಾತೀತ ಎನ್ನುವ ಈ ಬೆಳಕನ್ನು ಬಳಸಿ ಚಿಪ್ ಅಚ್ಚೊತ್ತುವ ಯಂತ್ರವನ್ನು ತಯಾರಿಸಿ ಮಾರುವ ಕಂಪನಿ ಜಗತ್ತಿನಲ್ಲಿ ಒಂದೇ: ನೆದರ್ಲೆಂಡ್ಸ್‌ನ ವೆಲ್ಡ್‌ಹೋವನ್ ಪಟ್ಟಣದ ಎಎಸ್‌ಎಂಎಲ್. ಉದ್ಯಮದಲ್ಲಿ ಇದಕ್ಕೆ ಇಯುವಿ ಯಂತ್ರವೆಂದೇ ಹೆಸರು.

ಮತ್ತೊಬ್ಬರು ಇದನ್ನು ಏಕೆ ಮಾಡಲಾಗಿಲ್ಲ ಎಂಬುದು ಯಂತ್ರದ ಒಳಗನ್ನು ನೋಡಿದರೆ ಗೊತ್ತಾಗುತ್ತದೆ. ಆ ತರಂಗಾಂತರದ ಬೆಳಕನ್ನು ಕೊಡುವ ದೀಪವಿಲ್ಲ. ಅದಕ್ಕಾಗಿ ಕರಗಿದ ತವರದ ಸೂಕ್ಷ್ಮ ಹನಿಗಳನ್ನು ಸೆಕೆಂಡಿಗೆ 50,000ದಂತೆ ನಿರ್ವಾತದಲ್ಲಿ ಚಿಮ್ಮಿಸಿ, ಪ್ರತಿ ಹನಿಗೂ ಎರಡು ಸಲ ಲೇಸರ್ ಹೊಡೆಯುತ್ತಾರೆ. ಮೊದಲ ಹೊಡೆತಕ್ಕೆ ಹನಿ ಚಪ್ಪಟೆಯಾಗುತ್ತದೆ, ಎರಡನೆಯದಕ್ಕೆ ಪ್ಲಾಸ್ಮಾ ಆಗಿ ಬೇಕಾದ ಬೆಳಕನ್ನು ಉಗುಳುತ್ತದೆ. ಈ ಬೆಳಕನ್ನು ಗಾಜು ಹೀರಿಬಿಡುತ್ತದೆ, ಗಾಳಿಯೂ ಹೀರುತ್ತದೆ. ಹಾಗಾಗಿ ಮಸೂರಗಳ ಬದಲು ಕನ್ನಡಿಗಳು, ಅವೂ ನಿರ್ವಾತದೊಳಗೆ. ಪ್ರತಿ ಕನ್ನಡಿಯೂ ಮೂರನೇ ಒಂದು ಪಾಲಿನಷ್ಟು ಬೆಳಕನ್ನು ನುಂಗುವುದರಿಂದ ವೇಫರ್ ತಲುಪುವುದು ಅಲ್ಪಸ್ವಲ್ಪ. ಲೇಸರ್ ಬರುವುದು ಜರ್ಮನಿಯ ಟ್ರಂಫ್ ಕಂಪನಿಯಿಂದ, ಕನ್ನಡಿಗಳು ಜರ್ಮನಿಯ ಝೈಸ್‌ನಿಂದ, ಬೆಳಕಿನ ಮೂಲ ಎಎಸ್‌ಎಂಎಲ್ 2013ರಲ್ಲಿ ಕೊಂಡ ಅಮೆರಿಕದ ಸೈಮರ್‌ನಿಂದ. ಎಎಸ್‌ಎಂಎಲ್ ವರ್ಷಕ್ಕೆ ಮಾರುವುದು ಇಂಥ ಸುಮಾರು ನಲವತ್ತು ಐವತ್ತು ಯಂತ್ರಗಳನ್ನು. ಒಂದರ ಬೆಲೆ 15 ಕೋಟಿ ಯೂರೊಗೂ ಹೆಚ್ಚು. ಕೊಳ್ಳುವವರು ಟಿಎಸ್‌ಎಂಸಿ, ಸ್ಯಾಮ್‌ಸಂಗ್, ಇಂಟೆಲ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್‌ನಂಥ ಬೆರಳೆಣಿಕೆಯ ಕಂಪನಿಗಳು.

ಯಂತ್ರವಿದ್ದರೂ ಸಾಲದು. ಒಂದು ವೇಫರ್‌ನಲ್ಲಿ ಎಚ್‌100 ಗಾತ್ರದ ಚಿಪ್‌ಗಳು ಅರವತ್ತರ ಆಸುಪಾಸು ಮಾತ್ರ ಹಿಡಿಯುತ್ತವೆ. ಧೂಳಿನ ಕಣವೋ ಪದರದ ಸಣ್ಣ ಓರೆಯೋ ಎಲ್ಲಿ ಬಿದ್ದರೂ ಆ ಚಿಪ್ ಕೆಟ್ಟಂತೆ. ಚದರ ಸೆಂಟಿಮೀಟರಿಗೆ ಸರಾಸರಿ 0.1 ದೋಷವಿದೆ ಎಂದುಕೊಳ್ಳೋಣ. ಅದು ಒಳ್ಳೆಯ ಕಾರ್ಖಾನೆಯ ಮಟ್ಟ. ಬೆರಳುಗುರಿನಷ್ಟು ಚಿಕ್ಕ ಮೊಬೈಲ್ ಚಿಪ್‌ಗಳಲ್ಲಿ ಹತ್ತಕ್ಕೆ ಒಂಬತ್ತು ನಿರ್ದೋಷವಾಗಿ ಹೊರಬರುತ್ತವೆ. ಎಂಟು ಚದರ ಸೆಂಟಿಮೀಟರಿನ ಎಚ್‌100ದಲ್ಲಿ ಅರ್ಧಕ್ಕಿಂತಲೂ ಕಡಿಮೆ. ಚಿಪ್ ದೊಡ್ಡದಾದಷ್ಟೂ ದೋಷ ತಗಲುವ ಸಂಭವ ಹೆಚ್ಚು, ಎಐ ಚಿಪ್‌ಗಳೋ ಯಂತ್ರ ಒಂದೇ ಸಲಕ್ಕೆ ಅಚ್ಚೊತ್ತಬಲ್ಲ 858 ಚದರ ಮಿಲಿಮೀಟರಿನ ಗರಿಷ್ಠ ಮಿತಿಯ ಹತ್ತಿರವೇ ಇವೆ. ಎನ್ವಿಡಿಯಾ ಇದಕ್ಕೆ ಒಂದು ಉಪಾಯ ಮಾಡಿಕೊಂಡಿದೆ. ನಕ್ಷೆಯಲ್ಲಿ 144 ಗಣನಾ ವಿಭಾಗಗಳಿದ್ದರೂ ಮಾರುವ ಚಿಪ್‌ನಲ್ಲಿ 132 ಮಾತ್ರ ಚಾಲೂ. ಕೆಟ್ಟವನ್ನು ಮುಚ್ಚಿ ಉಳಿದದ್ದನ್ನು ಮಾರಲು ಇದರಿಂದ ಅವಕಾಶ. ಆದರೂ ದೋಷದ ಪ್ರಮಾಣವನ್ನು ಆ ಮಟ್ಟಕ್ಕೆ ಇಳಿಸುವ ಕೈಚಳಕ ಲಕ್ಷಾಂತರ ವೇಫರ್ ಮಾಡಿ ಮಾಡಿ ಬರುವಂಥದ್ದು. ಅದನ್ನು ಯಂತ್ರದ ಜೊತೆ ಕೊಳ್ಳಲಾಗದು.

ಎರಡನೆಯದು ಮೆಮೊರಿ, ಮೂರನೆಯದು ಜೋಡಣೆ

ಗಣನೆ ಎಷ್ಟೇ ವೇಗವಾದರೂ ಸಂಖ್ಯೆಗಳು ಮೆಮೊರಿಯಿಂದ ಅದೇ ವೇಗದಲ್ಲಿ ಬರದಿದ್ದರೆ ಚಿಪ್ ಸುಮ್ಮನೆ ಕೂರುತ್ತದೆ. ಗಿರಣಿಯ ಕಲ್ಲು ಎಷ್ಟು ಜೋರಾಗಿ ತಿರುಗಿದರೂ ಕಾಳು ಸುರಿಯುವ ಬಾಯಿ ಸಣ್ಣದಿದ್ದರೆ ಬೀಳುವ ಹಿಟ್ಟು ಅಷ್ಟೇ. ಆದ್ದರಿಂದ ಎಐ ಚಿಪ್‌ಗಳಿಗೆ ಎಚ್‌ಬಿಎಂ ಎಂಬ ವಿಶೇಷ ಮೆಮೊರಿ ಬೇಕು. ಕಾಗದದಷ್ಟು ತೆಳುವಾಗಿ ಸವೆಸಿದ ಮೆಮೊರಿ ಚಿಪ್‌ಗಳನ್ನು ಎಂಟು ಅಥವಾ ಹನ್ನೆರಡರಂತೆ ಒಂದರ ಮೇಲೊಂದು ಪೇರಿಸಿ, ಮೇಲಿನಿಂದ ಕೆಳಗಿನವರೆಗೆ ಸಾವಿರಾರು ಸೂಕ್ಷ್ಮ ರಂಧ್ರಗಳನ್ನು ಕೊರೆದು, ತಾಮ್ರ ತುಂಬಿ ಸಂಪರ್ಕ ಕೊಡುತ್ತಾರೆ. ಎಚ್‌100ರ ಪಕ್ಕದಲ್ಲಿ ಇಂಥ ಐದು ಗೋಪುರಗಳಿವೆ. ಒಟ್ಟು 80 ಜಿಬಿ, ವೇಗ ಸೆಕೆಂಡಿಗೆ 3,350 ಜಿಬಿ. ಒಳ್ಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿನ ಮೆಮೊರಿ ನೂರು ಜಿಬಿ ಆಸುಪಾಸಿನಲ್ಲೇ ನಿಲ್ಲುತ್ತದೆ.

ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವವರು ಮೂವರು: ದಕ್ಷಿಣ ಕೊರಿಯಾದ ಎಸ್‌ಕೆ ಹೈನಿಕ್ಸ್, ಸ್ಯಾಮ್‌ಸಂಗ್ ಮತ್ತು ಅಮೆರಿಕದ ಮೈಕ್ರಾನ್. 2024ರ ಮೇ ತಿಂಗಳಲ್ಲಿ ಎಸ್‌ಕೆ ಹೈನಿಕ್ಸ್ ಆ ವರ್ಷದ ಎಚ್‌ಬಿಎಂ ಪೂರ್ತಿ ಮಾರಾಟವಾಗಿದೆ, ಮರುವರ್ಷದ್ದೂ ಬಹುಪಾಲು ಮುಗಿದಿದೆ ಎಂದು ಹೇಳಿತು. ತಯಾರಾಗುವ ಮುನ್ನವೇ ಸರಕು ಹಂಚಿಹೋದ ಮೇಲೆ ತಡವಾಗಿ ಬಂದವರಿಗೆ ಬೆಲೆ ಏರಿಸಿ ಕೇಳುವ ಅವಕಾಶವೂ ಉಳಿಯುವುದಿಲ್ಲ.

ಮೆಮೊರಿಯನ್ನು ಗಣನಾ ಚಿಪ್‌ಗೆ ಅಂಟಿಸುವುದೇ ಮೂರನೆಯ ಬಾಗಿಲು. ಎರಡನ್ನೂ ಒಂದು ಸಿಲಿಕಾನ್ ಹಾಸಿನ ಮೇಲೆ ಕೂರಿಸಿ, ಆ ಹಾಸಿನಲ್ಲಿ ಕೂದಲೆಳೆಗಿಂತ ಸಪುರಾದ ತಂತಿಗಳಿಂದ ಬೆಸೆಯುವ ಈ ವಿಧಾನಕ್ಕೆ ಟಿಎಸ್‌ಎಂಸಿ ಇಟ್ಟ ಹೆಸರು ಕೋವಾಸ್. ಚಿಪ್ ಉದ್ಯಮ ಬಹುಕಾಲ ಪ್ಯಾಕಿಂಗ್ ಕೆಲಸವನ್ನು ಅಗ್ಗದ ಕೂಲಿಯ ದೇಶಗಳಿಗೆ ಬಿಟ್ಟುಕೊಡುವ ಕೊನೆಯ ಹಂತವೆಂದೇ ಕಂಡಿತ್ತು. 2023ರಲ್ಲಿ ಎಐ ಚಿಪ್‌ಗಳಿಗೆ ಬರ ಬಂದಾಗ ಕಟ್ಟಿಕೊಂಡಿದ್ದು ಈ ಹಂತವೇ. ಕೊರತೆಯಿರುವುದು ಚಿಪ್‌ಗಳದ್ದಲ್ಲ, ಕೋವಾಸ್ ಸಾಮರ್ಥ್ಯದ್ದು, ಅದು ಸರಿಹೋಗಲು ಒಂದೂವರೆ ವರ್ಷ ಬೇಕು ಎಂದು ಟಿಎಸ್‌ಎಂಸಿ ಅಧ್ಯಕ್ಷರಾಗಿದ್ದ ಮಾರ್ಕ್ ಲಿಯು ಆ ಸೆಪ್ಟೆಂಬರ್‌ನಲ್ಲಿ ಬಿಚ್ಚಿ ಹೇಳಿದರು. ಇದೇ ಜೋಡಣೆಯ ತಳದ ಹಲಗೆಯಲ್ಲಿ ಬಳಸುವ ನಿರೋಧಕ ಪದರದ ಬಹುಪಾಲು ಬರುವುದು ಜಪಾನಿನ ಅಜಿನೊಮೊಟೊ ಕಂಪನಿಯಿಂದ. ಗೋಬಿ ಮಂಚೂರಿ ಗಾಡಿಗಳ ದೆಸೆಯಿಂದ ಕನ್ನಡಿಗರಿಗೆ ಪರಿಚಿತವಾದ ಅದೇ ರುಚಿಪುಡಿಯ ಕಂಪನಿ.

ಗೂಗಲ್ ತನ್ನದೇ ಟಿಪಿಯು ಚಿಪ್‌ಗಳನ್ನು 2015ರಿಂದ ಬಳಸುತ್ತಿದೆ, ಅಮೆಜಾನ್‌ಗೆ ಟ್ರೇನಿಯಂ ಇದೆ. ಇವರು ಎನ್ವಿಡಿಯಾದ ಲಾಭಾಂಶ ಕೊಡುವುದರಿಂದ ಪಾರಾಗಿದ್ದಾರೆ, ಕುಡಾದ ಹಂಗಿನಿಂದಲೂ ಒಂದು ಮಟ್ಟಿಗೆ ಪಾರು. ಆದರೆ ಆ ಚಿಪ್‌ಗಳೂ ಟಿಎಸ್‌ಎಂಸಿಯಲ್ಲೇ ತಯಾರಾಗಬೇಕು, ಅದೇ ಎಚ್‌ಬಿಎಂ ಬೇಕು. ನಕ್ಷೆ ಬೇರೆಯಾದರೂ ನಿಲ್ಲುವ ಸಾಲು ಒಂದೇ. ಆ ಸಾಲಿನಲ್ಲಿ ಮುಂದೆ ನಿಲ್ಲುವವರು ವರ್ಷಗಳ ಬೇಡಿಕೆಯನ್ನು ಮುಂಗಡ ಹಣದೊಂದಿಗೆ ಒಪ್ಪಿಕೊಳ್ಳಬಲ್ಲವರು. ಜಗತ್ತಿನ ಅತಿ ಶ್ರೀಮಂತರ ಸಾಲಿನಲ್ಲಿರುವ ಲ್ಯಾರಿ ಎಲಿಸನ್ ಮತ್ತು ಇಲಾನ್ ಮಸ್ಕ್ ಊಟದ ಮೇಜಿನಲ್ಲಿ ಎನ್ವಿಡಿಯಾ ಮುಖ್ಯಸ್ಥ ಜೆನ್ಸೆನ್ ಹುವಾಂಗ್ ಅವರ ಬಳಿ ಚಿಪ್‌ಗಾಗಿ ಗೋಗರೆದಿದ್ದನ್ನು ಎಲಿಸನ್ ಅವರೇ 2024ರಲ್ಲಿ ಹೂಡಿಕೆದಾರರ ಮುಂದೆ ಹೇಳಿಕೊಂಡರು. ವಿಶ್ವವಿದ್ಯಾಲಯಗಳು ಮುಂಚೂಣಿಯ ಮಾದರಿ ಕಟ್ಟುವುದನ್ನು ಬಿಟ್ಟಿದ್ದೇಕೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಸಾವಿರಾರು ಚಿಪ್ ಒಂದೇ ಆಗಿ ದುಡಿಯಬೇಕು

ಚಿಪ್‌ಗಳನ್ನು ಸಂಗ್ರಹಿಸಿದ ಮೇಲೂ ಒಂದು ತೊಡಕು ಉಳಿದಿದೆ. ಲಾಮಾದ ನಿಯತಾಂಕಗಳನ್ನು ಬರೆದಿಡಲೇ 810 ಜಿಬಿ ಬೇಕು, ಎಚ್‌100ರಲ್ಲಿರುವುದು 80. ತರಬೇತಿಯ ಹೊತ್ತಿನ ಮಧ್ಯಂತರ ಲೆಕ್ಕಗಳಿಗೆ ಅದರ ಹಲವು ಪಟ್ಟು ಜಾಗ ಬೇಕು. ಹಾಗಾಗಿ ಮಾದರಿಯನ್ನು ತುಂಡುಮಾಡಿ ಚಿಪ್‌ಗಳಿಗೆ ಹಂಚುತ್ತಾರೆ, ಪ್ರತಿ ಹೆಜ್ಜೆಯಲ್ಲೂ ಅವು ಉತ್ತರಗಳನ್ನು ಪರಸ್ಪರ ಕಳಿಸಿಕೊಳ್ಳಬೇಕು. ಒಂದು ತಡಮಾಡಿದರೆ ಉಳಿದೆಲ್ಲವೂ ಕಾಯುತ್ತವೆ. ಎಚ್‌100 ಕಾಗದದ ಮೇಲೆ ಸೆಕೆಂಡಿಗೆ ಸುಮಾರು 1,000 ಲಕ್ಷ ಕೋಟಿ ಕ್ರಿಯೆ ಮಾಡಬಲ್ಲದು; ಮೆಟಾಕ್ಕೆ ದಕ್ಕಿದ್ದು ಅದರ ಶೇ. 40ರಷ್ಟು. ಮೆಟಾ ಪ್ರಕಟಿಸಿದ 54 ದಿನಗಳ ದಾಖಲೆಯಲ್ಲಿ ಅನಿರೀಕ್ಷಿತವಾಗಿ ಕೆಲಸ ನಿಂತದ್ದು 419 ಸಲ. ಸರಾಸರಿ ಮೂರು ಗಂಟೆಗೊಮ್ಮೆ ಎಂದಂತಾಯಿತು. ಅರ್ಧಕ್ಕಿಂತ ಹೆಚ್ಚು ಸಲ ಕೈಕೊಟ್ಟದ್ದು ಜಿಪಿಯು ಅಥವಾ ಅದರ ಮೆಮೊರಿ. ಆಗಾಗ ಉಳಿಸಿಟ್ಟ ಪ್ರತಿಯಿಂದ ಮತ್ತೆ ಶುರುಮಾಡುವುದು, ಕೆಟ್ಟ ಚಿಪ್ಪನ್ನು ಹುಡುಕಿ ಪಕ್ಕಕ್ಕಿಡುವುದು ಇವೆಲ್ಲ ದೊಡ್ಡ ಪ್ರಮಾಣದಲ್ಲಿ ಮಾಡಿದವರಿಗಷ್ಟೇ ಬರುವ ವಿದ್ಯೆ. ಚಿಪ್ ಸಿಗದವರಿಗೆ ಈ ವಿದ್ಯೆಯನ್ನು ಕಲಿಯಲು ಜಾಗವೂ ಇಲ್ಲ.

ಬಾಗಿಲು ಮುಚ್ಚಿದಾಗ: ಚೀನಾದ ಕಥೆ

ಬಾಗಿಲುಗಳು ಇಷ್ಟು ಕಡಿಮೆ ಇರುವಾಗ ಅವನ್ನು ಕಾಯುವುದು ಸುಲಭ. ಅಮೆರಿಕ 2022ರ ಅಕ್ಟೋಬರ್ 7ರಂದು ಚೀನಾಕ್ಕೆ ಎಐ ಚಿಪ್‌ಗಳ ಮಾರಾಟವನ್ನು ನಿರ್ಬಂಧಿಸಿತು. ನಿಯಮ ಎರಡು ಅಳತೆಗಳನ್ನು ಹಿಡಿದಿತ್ತು: ಚಿಪ್‌ನ ಗಣನಾ ವೇಗ ಮತ್ತು ಚಿಪ್‌ನಿಂದ ಚಿಪ್‌ಗೆ ದತ್ತಾಂಶ ಸಾಗುವ ವೇಗ. ಎರಡೂ ಮಿತಿ ದಾಟಿದರೆ ಮಾತ್ರ ನಿಷೇಧ. ಎನ್ವಿಡಿಯಾ ಗಣನೆಯನ್ನು ಮುಟ್ಟದೆ ಸಂಪರ್ಕದ ವೇಗವನ್ನಷ್ಟೇ ಸೆಕೆಂಡಿಗೆ 400 ಜಿಬಿಗೆ ಇಳಿಸಿ ಎ800, ಎಚ್‌800 ಎಂಬ ಚೀನಾ ಆವೃತ್ತಿಗಳನ್ನು ಮಾರಿತು. ಮರುವರ್ಷ ಅಕ್ಟೋಬರ್‌ನಲ್ಲಿ ಅಮೆರಿಕ ಸಂಪರ್ಕದ ಅಳತೆಯನ್ನು ಕೈಬಿಟ್ಟು ಗಣನಾ ಶಕ್ತಿಯನ್ನೇ ಹಿಡಿಯಿತು. ಎನ್ವಿಡಿಯಾ ಆಗ ಎಚ್‌20 ತಂದಿತು. ಗಣನೆಯಲ್ಲಿ ಅದು ಎಚ್‌100ರ ಏಳನೇ ಒಂದು ಪಾಲಿನಷ್ಟೇ, ಮೆಮೊರಿಯ ವೇಗದಲ್ಲಿ ಮಾತ್ರ ಅದಕ್ಕಿಂತ ಮುಂದು. ಹೊಸ ಮಾದರಿಗೆ ತರಬೇತಿ ಕೊಡಲು ಅದು ದುರ್ಬಲ. ಸಿದ್ಧ ಮಾದರಿಯಿಂದ ಬಳಕೆದಾರರಿಗೆ ಉತ್ತರ ಕೊಡಿಸಲು ಚೆನ್ನಾಗಿದೆ, ಏಕೆಂದರೆ ಆ ಕೆಲಸ ನಿಂತಿರುವುದು ಮೆಮೊರಿಯ ವೇಗದ ಮೇಲೆ. 2025ರ ಏಪ್ರಿಲ್‌ನಲ್ಲಿ ಎಚ್‌20ಕ್ಕೂ ಪರವಾನಗಿ ಬೇಕೆಂದಾಯಿತು, ಜುಲೈನಲ್ಲಿ ಮತ್ತೆ ಸಡಿಲವಾಯಿತು. ನಿಯಮಕ್ಕೆ ಚಿಪ್ಪು, ಚಿಪ್ಪಿಗೆ ನಿಯಮ ಎಂಬಂತೆ ನಡೆದ ಈ ಓಟ ವ್ಯಾಪಾರ ಮತ್ತು ಭದ್ರತೆಯ ಹಿತಗಳು ವಾಷಿಂಗ್ಟನ್‌ನಲ್ಲಿ ಹೊಂದಿಕೆಯಾಗಿಲ್ಲ ಎಂಬುದನ್ನೂ ತೋರಿಸುತ್ತದೆ.

ಹಾಂಗ್‌ಝೌ ನಗರದ ಡೀಪ್‌ಸೀಕ್ ತನ್ನ ವಿ3 ಮಾದರಿಯನ್ನು ಕಟ್ಟಿದ್ದು ಸಂಪರ್ಕ ಕುಗ್ಗಿಸಿದ ಆ ಎಚ್‌800ಗಳಿಂದಲೇ. 2024ರ ಡಿಸೆಂಬರ್‌ನಲ್ಲಿ ಬಂದ ಅದರ ವರದಿಯಂತೆ ಬಳಸಿದ ಚಿಪ್‌ಗಳು 2,048, ಹಿಡಿದ ಕಾಲ ಎರಡು ತಿಂಗಳೊಳಗೆ. ಮಾದರಿಯ 67,100 ಕೋಟಿ ನಿಯತಾಂಕಗಳಲ್ಲಿ ಒಂದು ಟೋಕನ್‌ಗೆ ಎಚ್ಚರಗೊಳ್ಳುವುದು 3,700 ಕೋಟಿ ಮಾತ್ರ. ಹೀಗಾಗಿ ಒಟ್ಟು ಲೆಕ್ಕ ಲಾಮಾದ ಹತ್ತನೇ ಒಂದಕ್ಕಿಂತ ಕಡಿಮೆಯಾಯಿತು. ಸಂಖ್ಯೆಗಳನ್ನು 16 ಬಿಟ್ ಬದಲು ಬಹುಮಟ್ಟಿಗೆ 8 ಬಿಟ್‌ನಲ್ಲೇ ನಿಭಾಯಿಸಿದರು. ಪ್ರತಿ ಚಿಪ್‌ನ 132 ಗಣನಾ ವಿಭಾಗಗಳಲ್ಲಿ 20ನ್ನು ಲೆಕ್ಕದಿಂದ ಬಿಡಿಸಿ ಚಿಪ್‌ಗಳ ನಡುವಿನ ಸಾಗಾಟಕ್ಕೇ ಹಚ್ಚಿದರು. ಸುದ್ದಿಯಾದ 56 ಲಕ್ಷ ಡಾಲರ್ ಎಂಬುದು ಆ ಕೊನೆಯ ತರಬೇತಿಗೆ ಚಿಪ್‌ಗಳನ್ನು ಬಾಡಿಗೆ ಹಿಡಿದಿದ್ದರೆ ಆಗುತ್ತಿದ್ದ ಖರ್ಚು. ಹಿಂದಿನ ಪ್ರಯೋಗಗಳು, ಸಂಬಳ, ಚಿಪ್ ಕೊಂಡ ಹಣ ಅದರಲ್ಲಿ ಸೇರಿಲ್ಲವೆಂದು ವರದಿಯೇ ಹೇಳುತ್ತದೆ.

ಚಿಪ್‌ಗಳ ಪ್ರಾಮುಖ್ಯ ಮುಗಿಯಿತು ಎಂದು ಆಗ ಹಲವರು ಬರೆದರು. ಆ ತೀರ್ಮಾನ ಆತುರದ್ದು. ಡೀಪ್‌ಸೀಕ್ ಬಳಸಿದ ಚಿಪ್‌ಗಳೂ ಟಿಎಸ್‌ಎಂಸಿಯಲ್ಲಿ ತಯಾರಾಗಿ, ನಿಯಮದ ಸಂದಿಯಲ್ಲಿ ಒಂದು ವರ್ಷದ ಮಟ್ಟಿಗೆ ಚೀನಾ ತಲುಪಿದವು. ಸಂಸ್ಥಾಪಕ ಲಿಯಾಂಗ್ ವೆನ್‌ಫೆಂಗ್ ಅವರೇ, ತಮಗೆ ಎಂದೂ ಹಣದ ಸಮಸ್ಯೆ ಇರಲಿಲ್ಲ, ಸುಧಾರಿತ ಚಿಪ್‌ಗಳ ನಿಷೇಧವೇ ಸಮಸ್ಯೆ ಎಂದು 2024ರ ಸಂದರ್ಶನವೊಂದರಲ್ಲಿ ಹೇಳಿದ್ದರು. ಉಳಿತಾಯದ ಉಪಾಯಗಳು ಪ್ರಕಟವಾದ ಮೇಲೆ ಹೆಚ್ಚು ಚಿಪ್ ಇದ್ದವರೂ ಅವನ್ನೇ ಬಳಸುತ್ತಾರೆ, ಅಂತರ ಹಾಗೇ ಉಳಿಯುತ್ತದೆ.

ಚೀನಾ ತನ್ನದೇ ಚಿಪ್ ತಯಾರಿಸಲಿ ಎಂದರೆ ಮತ್ತೆ ಅದೇ ಮೂರು ಬಾಗಿಲು. ಇಯುವಿ ಯಂತ್ರದ ರಫ್ತಿಗೆ ಡಚ್ ಸರ್ಕಾರ 2019ರಿಂದ ಪರವಾನಗಿ ಕೊಟ್ಟಿಲ್ಲ. ಶಾಂಘೈನ ಎಸ್‌ಎಂಐಸಿ ಹಳೆಯ, 193 ನ್ಯಾನೊಮೀಟರ್ ಬೆಳಕಿನ ಯಂತ್ರಗಳಲ್ಲೇ ಒಂದು ಪದರವನ್ನು ಹಲವು ಸಲ ಅಚ್ಚೊತ್ತಿ 7 ನ್ಯಾನೊಮೀಟರ್ ದರ್ಜೆಯ ಚಿಪ್ ತೆಗೆಯಿತು. 2023ರ ಆಗಸ್ಟ್‌ನಲ್ಲಿ ಹುವಾವೇ ಫೋನಿನಲ್ಲಿ ಅದು ಕಾಣಿಸಿಕೊಂಡಾಗ ಜಗತ್ತು ಬೆರಗಾಯಿತು. ಆದರೆ ಸಲ ಹೆಚ್ಚಾದಂತೆ ಯಂತ್ರದ ಸಮಯ ಹೆಚ್ಚು, ಪದರಗಳು ಒಂದರ ಮೇಲೊಂದು ಸರಿಯಾಗಿ ಕೂರದೆ ದೋಷವೂ ಹೆಚ್ಚು. ಫೋನಿನ ಪುಟ್ಟ ಚಿಪ್‌ನಲ್ಲಿ ಸಹಿಸಬಹುದಾದ ಈ ನಷ್ಟ ದೊಡ್ಡ ಎಐ ಚಿಪ್‌ನಲ್ಲಿ ದುಬಾರಿ. ಎಚ್‌ಬಿಎಂ ರಫ್ತನ್ನು 2024ರ ಡಿಸೆಂಬರ್‌ನಲ್ಲಿ ಅಮೆರಿಕ ನಿರ್ಬಂಧಿಸಿತು. ಇಷ್ಟರ ನಡುವೆಯೂ ಹುವಾವೇ 384 ಆಸೆಂಡ್ ಚಿಪ್‌ಗಳನ್ನು ಬೆಸೆದ ಒಂದು ವ್ಯವಸ್ಥೆಯನ್ನು 2025ರಲ್ಲಿ ತಂದಿತು. 72 ಚಿಪ್‌ಗಳ ಎನ್ವಿಡಿಯಾ ವ್ಯವಸ್ಥೆಯನ್ನು ಅದು ಒಟ್ಟು ಗಣನೆಯಲ್ಲಿ ಮೀರಿಸುತ್ತದೆ. ಅದಕ್ಕೆ ಬೇಕಾದ ವಿದ್ಯುತ್ ವಿಶ್ಲೇಷಕರ ಅಂದಾಜಿನಲ್ಲಿ ಸುಮಾರು ನಾಲ್ಕು ಪಟ್ಟು. ವಿದ್ಯುತ್ ಹೇರಳವಾಗಿರುವ ಚೀನಾಕ್ಕೆ ಇದು ಹೊರಲಾರದ ಭಾರವಲ್ಲ. ಅಂಥ ಚಿಪ್‌ಗಳನ್ನು ಸಾಕಷ್ಟು ಸಂಖ್ಯೆಯಲ್ಲಿ ತಯಾರಿಸುವುದೇ ಅದಕ್ಕೆ ಕಷ್ಟ.

ಭಾರತ ನಿಂತ ಜಾಗ

ಚಿಪ್‌ಗಳ ನಕ್ಷೆ ಬರೆಯುವ ಕೆಲಸದಲ್ಲಿ ಬೆಂಗಳೂರು ಹಿಂದೆ ಬಿದ್ದಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಇಲ್ಲಿ ಕೇಂದ್ರ ತೆರೆಯಿತು. ಇಂಟೆಲ್, ಎನ್ವಿಡಿಯಾಗಳಿಗೂ ಇಲ್ಲಿ ಎಂಜಿನಿಯರ್‌ಗಳ ದೊಡ್ಡ ಪಡೆಯಿದೆ, ಎಎಂಡಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು 2023ರಲ್ಲಿ ಉದ್ಘಾಟಿಸಿದ್ದೂ ಇಲ್ಲಿಯೇ. ಆದರೆ ನಕ್ಷೆಯ ಒಡೆತನ ಹೊರಗಿನದು, ಅಚ್ಚಾಗುವುದು ತೈವಾನಿನಲ್ಲಿ. ಗುಜರಾತಿನ ಧೋಲೇರಾದಲ್ಲಿ ಟಾಟಾ ಕಟ್ಟುತ್ತಿರುವ ಕಾರ್ಖಾನೆಯ ಗುರಿ 28 ನ್ಯಾನೊಮೀಟರ್ ಮತ್ತು ಅದಕ್ಕಿಂತ ಹಳೆಯ ತಂತ್ರಜ್ಞಾನ. ವಾಹನ, ಉಪಕರಣ, ವಿದ್ಯುತ್ ನಿಯಂತ್ರಣಕ್ಕೆ ಅದು ಬೇಕಾದದ್ದೇ. ಎಐ ತರಬೇತಿಯ ಚಿಪ್‌ಗೂ ಅದಕ್ಕೂ ಸಂಬಂಧವಿಲ್ಲ.

ಹಾಗಾಗಿ ಭಾರತಕ್ಕೆ ಉಳಿದಿರುವುದು ಕೊಳ್ಳುವ ದಾರಿ. ಆ ದಾರಿಯೂ ಬೇರೆಯವರ ಅನುಮತಿಗೆ ಒಳಪಟ್ಟದ್ದೆಂದು 2025ರ ಜನವರಿಯಲ್ಲಿ ಅರಿವಾಯಿತು. ಬೈಡನ್ ಸರ್ಕಾರ ಜಗತ್ತಿನ ದೇಶಗಳನ್ನು ಮೂರು ವರ್ಗ ಮಾಡಿ, ನಡುವಿನ ವರ್ಗಕ್ಕೆ ಚಿಪ್‌ಗಳ ಮಿತಿ ಹಾಕಿತು. ಭಾರತ ಆ ನಡುವಿನ ವರ್ಗದಲ್ಲಿತ್ತು. ಜಾರಿಗೆ ಬರುವ ಮೊದಲೇ, ಮೇ ತಿಂಗಳಲ್ಲಿ, ಟ್ರಂಪ್ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಸುಮಾರು 10,372 ಕೋಟಿ ರೂಪಾಯಿಯ ಇಂಡಿಯಾಎಐ ಮಿಷನ್‌ಗೆ ಒಪ್ಪಿಗೆ ಕೊಟ್ಟು, ಖಾಸಗಿ ಡೇಟಾ ಸೆಂಟರ್‌ಗಳ ಜಿಪಿಯುಗಳನ್ನು ಕಡಿಮೆ ದರದಲ್ಲಿ ಸಂಶೋಧಕರಿಗೂ ಸ್ಟಾರ್ಟಪ್‌ಗಳಿಗೂ ಒದಗಿಸುತ್ತಿದೆ. ಇದರಡಿ ದೇಶದ್ದೇ ಭಾಷಾ ಮಾದರಿ ಕಟ್ಟಲು 2025ರ ಏಪ್ರಿಲ್‌ನಲ್ಲಿ ಆಯ್ಕೆಯಾದ ಬೆಂಗಳೂರಿನ ಸರ್ವಂ ಕಂಪನಿಗೆ ಆರು ತಿಂಗಳ ಮಟ್ಟಿಗೆ 4,096 ಎಚ್‌100 ಚಿಪ್‌ಗಳನ್ನು ಮಂಜೂರು ಮಾಡಲಾಯಿತು.

ಲಾಮಾದ ಲೆಕ್ಕವನ್ನೇ ಇಲ್ಲಿಗೂ ಹಚ್ಚಬಹುದು. ಅದೇ ಶೇ. 40ರ ದಕ್ಷತೆಯಲ್ಲಿ, ಒಂದು ದಿನವೂ ನಿಲ್ಲಿಸದೆ ಓಡಿಸಿದರೆ, 4,096 ಚಿಪ್‌ಗಳು ಆರು ತಿಂಗಳಲ್ಲಿ ಲಾಮಾ 3.1ಕ್ಕೆ ತಗುಲಿದ ಒಟ್ಟು ಗಣನೆಯ ಮೂರನೇ ಎರಡು ಭಾಗವನ್ನು ಮುಗಿಸುತ್ತವೆ. ಡೀಪ್‌ಸೀಕ್‌ನ ಮಿತವ್ಯಯದ ದಾರಿ ಹಿಡಿದರೆ ಇದು ಒಳ್ಳೆಯ ಮಾದರಿಯೊಂದಕ್ಕೆ ಸಾಕು, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳನ್ನು ಚೆನ್ನಾಗಿ ಬಲ್ಲ ಮಾದರಿಗೆ ಧಾರಾಳ. ಮುಂಚೂಣಿಯ ಓಟದ ಅಳತೆಗೋಲು ಮಾತ್ರ ಬೇರೆ. ಮಸ್ಕ್ ಅವರ ಎಕ್ಸ್‌ಎಐ ಕಂಪನಿ 2024ರಲ್ಲೇ ಅಮೆರಿಕದ ಮೆಂಫಿಸ್‌ನಲ್ಲಿ ಒಂದು ಲಕ್ಷ ಎಚ್‌100ಗಳನ್ನು ಒಂದೇ ಕಟ್ಟಡದಲ್ಲಿ ಜೋಡಿಸಿತ್ತು. ಸರ್ವಂಗೆ ಸಿಕ್ಕ ಚಿಪ್‌ಗಳು ಆರು ತಿಂಗಳಲ್ಲಿ ಮಾಡುವ ಲೆಕ್ಕ ಅಲ್ಲಿ ಸುಮಾರು ಏಳೂವರೆ ದಿನದ ಕೆಲಸ.